ಹೋಗೂ ರೂಮು, ಹ್ವಾದ ರೂಮು

ಕಳೆದ ವರ್ಷ ನಾನು ಮಾಡಿದ ಅನುವಾದಗಳಲ್ಲಿ ಅತಿ ಸಣ್ಣದು ಒಂದೇ ಒಂದು ಹಾಳೆಯದು. ಪುಣೆಯ ಒಂದು ಹೋಟೆಲಿನ ಹೌಸ್‌ಕೀಪಿಂಗ್ ವಿಭಾಗದಲ್ಲಿ ದಿನವೂ ಬೆಳಿಗ್ಗೆ ಕೈಗೆ ಕೊಡುವ ಹಾಳೆ ಅದು. ಇಂದು ನಿನ್ನ ಪಾಲಿಗೆ ಯಾವ ಯಾವ ರೂಮು, ಯಾವುದರಲ್ಲಿ ಜನ ಇದ್ದಾರೆ, ಯಾವುದು ಖಾಲಿಯಾಗುತ್ತದೆ ಎಂದು ಅದರಲ್ಲಿ ಬರೆದಿರುತ್ತದೆ. ಅಲ್ಲಿ ರೂಮು ಸ್ವಚ್ಛ ಮಾಡುವ ಹೆಣ್ಣುಮಕ್ಕಳಲ್ಲಿ ಹೆಚ್ಚಿನವರು ವಿಜಯಪುರ, ಕಲಬುರ್ಗಿ ಕಡೆಯವರು. ಹಾಳೆಯೇನೋ ಇಂಗ್ಲಿಷಿನಲ್ಲಿತ್ತು. ಅವರು ಅದನ್ನು ಓದುತ್ತಿರಲಿಲ್ಲ, ಅಂಕಿಗಳನ್ನಷ್ಟೇ ನೋಡಿಕೊಳ್ಳುತ್ತಿದ್ದರು. ಕನ್ನಡದಲ್ಲಿ ಮಾಡಿಕೊಡಿ ಎಂದು ಕೇಳಿದರು. ಪದಕ್ಕಿಷ್ಟು ಎಂಬ ನನ್ನ ದರದಲ್ಲಿ ಅದಕ್ಕೆ ಬರುವ ದುಡ್ಡು ಅಲ್ಲಿಗೆ ಹೋಗಿಬರುವ ಆಟೋಕ್ಕೂ ಸಾಲುವಂತಿರಲಿಲ್ಲ. ಆದರೂ ನಾಲ್ಕೈದು ಸಲ ಹೋದೆ. ಹಾಳೆಯ ಪದಗಳಿಗಿಂತ ಅದರ ಹಿಂದಿನ ಲೆಕ್ಕ ನನ್ನನ್ನು ಹಿಡಿದು ಕೂರಿಸಿತ್ತು.

ಇಂಗ್ಲಿಷ್ ಹಾಳೆಯಲ್ಲಿ ರೂಮಿನ ಸ್ಥಿತಿಯನ್ನು ಎರಡಕ್ಷರದ ಸಂಕೇತಗಳಲ್ಲಿ ಬರೆಯುತ್ತಾರೆ. `VD` ಅಂದರೆ ಖಾಲಿಯಾಗಿದೆ, ಇನ್ನೂ ಕೊಳೆ ಇದೆ. `VC` ಅಂದರೆ ಖಾಲಿ ಮತ್ತು ಸ್ವಚ್ಛ. `DO` ಅಂದರೆ ಇವತ್ತು ಖಾಲಿಯಾಗಬೇಕಾದ ರೂಮು. ಅತಿಥಿ ಇನ್ನೂ ಒಳಗಿದ್ದಾರೆ, ಇವತ್ತು ಹೊರಡಬೇಕು. ಇದಕ್ಕೆಲ್ಲ ನಾನು 'ನಿರ್ಗಮಿಸಲಿರುವ', 'ನಿರ್ಗಮಿಸಿದ' ಎಂಬಂಥ ಪದಗಳನ್ನು ಜೋಡಿಸುವ ಮುಂಚೆ, ಇಂಡಿ ಕಡೆಯ ಒಬ್ಬ ಅಕ್ಕನನ್ನು ನೀವೆಲ್ಲ ಏನಂತೀರಿ ಎಂದು ಕೇಳಿದೆ. ಅವರು ಅಲ್ಲಿ ಹನ್ನೊಂದು ವರ್ಷದಿಂದ ಕೆಲಸ ಮಾಡುತ್ತಿದ್ದಾರೆ. ಟ್ರಾಲಿಯ ಮೇಲೆ ಟವೆಲ್ ಜೋಡಿಸುತ್ತಲೇ ಹೇಳಿದರು:

"ಇರೂ ರೂಮು, ಹೋಗೂ ರೂಮು, ಹ್ವಾದ ರೂಮು. ಇಷ್ಟ ನೋಡ್ರಿ ಅಕ್ಕಾರ."

ಭಾಷಾವಿಜ್ಞಾನ ಓದಿದವರಿಗೆ ಇಂಥದ್ದು ಸಿಕ್ಕರೆ ಹಬ್ಬ. ಕನ್ನಡದ 'ಹೋಗುವ' ಎಂಬ ರೂಪ ವರ್ತಮಾನವನ್ನೂ ಭವಿಷ್ಯವನ್ನೂ ಒಂದೇ ಚೀಲದಲ್ಲಿ ಹಾಕಿಕೊಳ್ಳುತ್ತದೆ. ಈಗ ಹೋಗುತ್ತಿರುವವನೂ ನಾಳೆ ಹೋಗಬೇಕಾದವನೂ 'ಹೋಗುವವ'ನೇ. 'ಹೋದ' ಮಾತ್ರ ಬೇರೆ, ಅದು ಮುಗಿದ ಕೆಲಸ. ಹೋಟೆಲಿನ ಆ ದಿನದ ತಲೆನೋವೆಲ್ಲ ಈ ಎರಡು ರೂಪಗಳ ನಡುವಿನ ಸಂದಿಯಲ್ಲಿ ಇತ್ತು ಎನ್ನುವುದು ನನಗೆ ಆಮೇಲೆ ತಿಳಿಯುತ್ತಾ ಹೋಯಿತು. ಎಷ್ಟು ಜನ ಕೆಲಸಕ್ಕೆ ಬೇಕು ಎಂಬ ಲೆಕ್ಕವನ್ನು ಹಿಂದಿನ ರಾತ್ರಿ ಹೋಗೂ ರೂಮುಗಳ ಮೇಲೆ ಹಾಕುತ್ತಾರೆ. ಕೆಲಸ ಶುರುವಾಗುವುದು ಮಾತ್ರ ಹ್ವಾದ ರೂಮಿನಿಂದ.

ಲೆಕ್ಕವನ್ನು ಮೊದಲಿನಿಂದ ನೋಡೋಣ. ಹೋಟೆಲಿನ ಗುರುತು ಸಿಗಬಾರದೆಂದು ಅಂಕಿಗಳನ್ನು ಸ್ವಲ್ಪ ಬದಲಿಸಿ, ಕೂಡಿಸಲು ಸುಲಭವಾಗುವಂತೆ ಸಮ ಮಾಡಿದ್ದೇನೆ.

ನಾಲ್ಕು ಅಂತಸ್ತು, ಅಂತಸ್ತಿಗೆ 21ರಂತೆ 84 ರೂಮು. ಹೆಚ್ಚಿನ ಹೋಟೆಲುಗಳಲ್ಲಿ ಹಳೆಯ ರೂಢಿ ಎಂದರೆ ಒಬ್ಬರಿಗೆ ದಿನಕ್ಕೆ ಇಷ್ಟು ರೂಮು ಎಂದು ಹಂಚುವುದು. ಇಲ್ಲಿ ಅದು 14 ಆಗಿತ್ತು. 70 ರೂಮು ತುಂಬಿದ್ದರೆ ಐದು ಜನ ಸಾಕು, ಮುಗಿಯಿತು. ಆದರೆ ಇರೂ ರೂಮು ಮತ್ತು ಹ್ವಾದ ರೂಮು ಒಂದೇ ಅಲ್ಲ. ಅತಿಥಿ ಇನ್ನೂ ಉಳಿಯುವ ರೂಮಿನಲ್ಲಿ ಹಾಸಿಗೆ ಸರಿಮಾಡಿ, ಬಾತ್‌ರೂಮ್ ತೊಳೆದು, ಟವೆಲ್ ಬದಲಿಸಿ, ಕಸ ತೆಗೆದು, ನೀರಿನ ಬಾಟಲಿ ಇಟ್ಟು ಬಂದರೆ ಸುಮಾರು 20 ನಿಮಿಷ. ಅವರ ಸಾಮಾನನ್ನು ಮುಟ್ಟುವಂತಿಲ್ಲ, ಹಾಗಾಗಿ ಕೆಲಸವೂ ಕಮ್ಮಿ. ಖಾಲಿಯಾದ ರೂಮಿನ ಕಥೆ ಬೇರೆ. ಪರದೆ ಸರಿಸಿ, ಅತಿಥಿ ಏನಾದರೂ ಬಿಟ್ಟುಹೋಗಿದ್ದಾರೆಯೇ ಎಂದು ಕಪಾಟು, ದಿಂಬಿನಡಿ ಎಲ್ಲ ನೋಡಿ, ಹಾಸಿಗೆಯನ್ನು ಪೂರ್ತಿ ಬಿಚ್ಚಿ, ಬಾತ್‌ರೂಮಿಗೆ ದ್ರಾವಣ ಹಾಕಿ ಅದು ನೆನೆಯುವಷ್ಟರಲ್ಲಿ ಹೊಸ ಬೆಡ್‌ಶೀಟ್ ಹಾಸಿ, ಮತ್ತೆ ಬಾತ್‌ರೂಮಿಗೆ ಹೋಗಿ ತಿಕ್ಕಿ ಒರೆಸಿ, ಡ್ರಾಯರುಗಳ ಒಳಗನ್ನೂ ಒರೆಸಿ, ಸೋಪು ಶಾಂಪೂ ಚಹಾಪುಡಿಯಿಂದ ಹಿಡಿದು ಎಲ್ಲವನ್ನೂ ಹೊಸದಾಗಿ ಇಟ್ಟು, ಕೊನೆಗೆ ಒಳಗಿನಿಂದ ಬಾಗಿಲ ಕಡೆ ಹಿಂದೆ ಹಿಂದೆ ಸರಿಯುತ್ತಾ ನೆಲ ಮುಗಿಸಬೇಕು. ಇದಕ್ಕೆ 40 ನಿಮಿಷ ಎಂದು ಆ ಹೋಟೆಲು ಹಿಡಿದಿತ್ತು.

ಹೀಗಾಗಿ ಅದೇ 70 ರೂಮು, ಒಂದು ಮಂಗಳವಾರ 15 ಖಾಲಿಯಾಗಿ 55 ಉಳಿದರೆ 1,700 ನಿಮಿಷದ ಕೆಲಸ. ಒಂದು ಶುಕ್ರವಾರ 40 ಖಾಲಿಯಾಗಿ 30 ಉಳಿದರೆ 2,200 ನಿಮಿಷ. ರೂಮಿನ ಎಣಿಕೆಯಲ್ಲಿ ಎರಡು ದಿನವೂ ಒಂದೇ, ಮೈನೋವಿನಲ್ಲಿ ಅಲ್ಲ.

ಇನ್ನು ಒಬ್ಬರ ಒಂದು ದಿನದಲ್ಲಿ ಎಷ್ಟು ನಿಮಿಷ ಇದೆ? ಎಂಟಕ್ಕೆ ಬಂದು ಐದಕ್ಕೆ ಬಿಡುವ ಡ್ಯೂಟಿ. ಮೊದಲ ಅರ್ಧ ಗಂಟೆ ಬ್ರೀಫಿಂಗ್, ಕೀ ತೆಗೆದುಕೊಳ್ಳುವುದು, ಟ್ರಾಲಿ ತುಂಬುವುದು. ಕೊನೆಯ ಅರ್ಧ ಗಂಟೆ ಕೊಳೆ ಬಟ್ಟೆಯ ಚೀಲ ಲಾಂಡ್ರಿಗೆ ಇಳಿಸಿ, ಪ್ಯಾಂಟ್ರಿ ಸರಿಮಾಡಿ, ಕೀ ಒಪ್ಪಿಸುವುದು. ನಡುವೆ ಎಂಟೂವರೆಯಿಂದ ನಾಲ್ಕೂವರೆ, 480 ನಿಮಿಷ. ಊಟ, ಎರಡು ಚಹಾಕ್ಕೆ ಒಂದು ಗಂಟೆ ಕಳೆಯಿರಿ. ಲಿಫ್ಟಿಗೆ ಕಾಯುವುದು, ಬಾಗಿಲು ತಟ್ಟಿ ನಿಲ್ಲುವುದು, ಫೋನ್ ಮಾಡುವುದಕ್ಕೆ ಇನ್ನರ್ಧ ಗಂಟೆ. ಉಳಿದದ್ದು 390. ಇದನ್ನು 480 ಎಂದು ಹಿಡಿಯುವ ಹೋಟೆಲುಗಳಿವೆ. ಅಂಥಲ್ಲಿ ಊಟದ ಹೊತ್ತು ಎಲ್ಲಿಗೆ ಹೋಯಿತು ಎಂದು ಕೇಳಬೇಕಾಗಿಲ್ಲ.

ಈಗ ನನಗೆ ಸೂಪರ್‌ವೈಸರ್ ತೋರಿಸಿದ ಭಾನುವಾರ. ಶನಿವಾರ ಮದುವೆ, 84ಕ್ಕೆ 84 ರೂಮೂ ಭರ್ತಿ. ಭಾನುವಾರ 60 ರೂಮು ಖಾಲಿಯಾಗಬೇಕು, 24ರಲ್ಲಿ ಜನ ಉಳಿಯುತ್ತಾರೆ. ಅವರ ಕಂಪ್ಯೂಟರಿನ ಹಾಳೆಯಲ್ಲಿ ಲೆಕ್ಕ ಇಷ್ಟೇ:

```
=ROUNDUP((60*40+24*20)/390,0)
```

ಒಟ್ಟು 2,880 ನಿಮಿಷ, 390ರಿಂದ ಭಾಗಿಸಿದರೆ ಏಳು ಚಿಲ್ಲರೆ, ಮೇಲಕ್ಕೆ ಹಿಡಿದರೆ ಎಂಟು ಜನ. ಎಂಟು ಜನರ ನಿಮಿಷ 3,120. ಅಂದರೆ 240 ನಿಮಿಷ ಕೈಯಲ್ಲಿ ಉಳಿಯಿತು. "ಲೆಕ್ಕ ಸರಿಯಾಗಿಯೇ ಇದೆ, ಆದರೂ ಅವತ್ತು ಏಳು ಗಂಟೆಯವರೆಗೂ ಯಾರೂ ಮನೆಗೆ ಹೋಗಲಿಲ್ಲ," ಎಂದರು ಸೂಪರ್‌ವೈಸರ್. ಅವರು ಸಾತಾರಾ ಕಡೆಯ ಮರಾಠಿಗರು, ತಾವೂ ರೂಮ್ ಬಾಯ್ ಆಗಿ ಸೇರಿದವರು. ಆ ಎರಡು ಗಂಟೆಯ ಓವರ್‌ಟೈಮ್‌ಗೆ ಮ್ಯಾನೇಜರ್ ಸಹಿ ಬೇಕು. ಲೆಕ್ಕದ ಪ್ರಕಾರ ಎಂಟು ಜನ ಸಾಕಾಗಿದ್ದರಲ್ಲ, ಹಾಗಾದರೆ ತಡವಾದದ್ದು ನಿಮ್ಮ ನಿಧಾನದಿಂದ ಎಂದು ಸಹಿ ಬೀಳಲಿಲ್ಲ. ಎಂಟು ಹೆಣ್ಣುಮಕ್ಕಳ ತಲಾ ಎರಡು ಗಂಟೆಯ ಕೂಲಿ ಹೋಯಿತು, ಜೊತೆಗೆ ನಿಧಾನ ಎಂಬ ಹೆಸರು ಬಂತು. ಇದೇ ನನ್ನನ್ನು ಮತ್ತೆ ಮತ್ತೆ ಅಲ್ಲಿಗೆ ಎಳೆದದ್ದು.

ಸೂಪರ್‌ವೈಸರ್ ಬಳಿ ಆ ದಿನದ ಫ್ರಂಟ್ ಆಫೀಸಿನ ಚೆಕ್‌ಔಟ್ ಪಟ್ಟಿ ಇತ್ತು, ಸಮಯ ಸಮೇತ. ಮದುವೆಮನೆಯವರು, ರಾತ್ರಿಯೆಲ್ಲ ಎದ್ದಿದ್ದವರು ಬೆಳಿಗ್ಗೆ ಬೇಗ ಏಳುತ್ತಾರೆಯೇ? ಒಂಬತ್ತರೊಳಗೆ ಖಾಲಿಯಾದದ್ದು ನಾಲ್ಕೇ ರೂಮು. ಹತ್ತರೊಳಗೆ ಎಂಟು. ಹನ್ನೊಂದರ ಹೊತ್ತಿಗೆ ಹದಿನೆಂಟು. ಚೆಕ್‌ಔಟ್ ಹನ್ನೆರಡಕ್ಕೆ. ಹಾಗಾಗಿ ಹನ್ನೊಂದರಿಂದ ಹನ್ನೆರಡರೊಳಗೆ ಒಮ್ಮೆಗೇ 27 ರೂಮು ಖಾಲಿಯಾಗಿ ಒಟ್ಟು 45 ಆಯಿತು. ಉಳಿದವು ಎರಡು ಗಂಟೆಯವರೆಗೂ ಒಂದೊಂದಾಗಿ. ಇರೂ ರೂಮುಗಳವರೂ ಮಲಗಿಯೇ ಇದ್ದರು. ಹತ್ತರೊಳಗೆ ಬಾಗಿಲು ತೆರೆದದ್ದು ನಾಲ್ಕು, ಹನ್ನೊಂದರೊಳಗೆ ಎಂಟು.

ಇದನ್ನು ನಿಮಿಷಕ್ಕೆ ತಿರುಗಿಸಿ ನೋಡಿದೆವು. ಎಂಟೂವರೆಯಿಂದ ಹತ್ತರವರೆಗೆ ಎಂಟು ಜನರ ಕೈಯಲ್ಲಿದ್ದದ್ದು 720 ನಿಮಿಷ. ಆ ಹೊತ್ತಿಗೆ ತೆರೆದಿದ್ದ ಕೆಲಸ ಎಂಟು ಹ್ವಾದ ರೂಮು, ನಾಲ್ಕು ಇರೂ ರೂಮು, ಅಂದರೆ 400 ನಿಮಿಷ. 320 ನಿಮಿಷಕ್ಕೆ ಒಳಗೆ ಹೋಗಲು ರೂಮೇ ಇರಲಿಲ್ಲ. ಹತ್ತರಿಂದ ಹನ್ನೊಂದರವರೆಗೆ ಹೊಸದಾಗಿ ತೆರೆದ ಕೆಲಸ 480 ನಿಮಿಷ, ಎಂಟು ಜನರ ಒಂದು ಗಂಟೆಗೆ ಸರಿಯಾಗಿ ಅಷ್ಟೇ. ಆಮೇಲೆ ಒಂದೇ ಗಂಟೆಯಲ್ಲಿ 1,200 ನಿಮಿಷದ ಕೆಲಸ ಮೈಮೇಲೆ ಬಿತ್ತು.

ಬೆಳಿಗ್ಗೆ ಕಳೆದುಹೋದ ಆ 320 ನಿಮಿಷ ಮಧ್ಯಾಹ್ನ ವಾಪಸು ಬರುವುದಿಲ್ಲ. 3,120ರಲ್ಲಿ ಅದನ್ನು ಕಳೆದರೆ 2,800. ಕೆಲಸ 2,880. ಕಾಗದದ ಮೇಲೆ 240 ನಿಮಿಷ ಉಳಿದಿತ್ತು, ನೆಲದ ಮೇಲೆ 80 ನಿಮಿಷ ಕೊರತೆ. ಯಾರೂ ನಿಧಾನ ಮಾಡಿರಲಿಲ್ಲ. ಬೆಳಿಗ್ಗೆ ಅವರು ಸುಮ್ಮನೆ ಕೂತದ್ದೂ ಇಲ್ಲ. ಕಾರಿಡಾರಿನ ಚಿತ್ರಗಳ ಚೌಕಟ್ಟು ಒರೆಸಿದರು, ಲಿಫ್ಟಿನ ಬಾಗಿಲಿಗೆ ಪಾಲಿಶ್ ಮಾಡಿದರು. ಚೌಕಟ್ಟು ಹೊಳೆದರೆ 60 ರೂಮಿನಲ್ಲಿ ಒಂದೂ ಕಮ್ಮಿಯಾಗುವುದಿಲ್ಲ.

"ಹೋಗೂದು ಬ್ಯಾರೆ, ಹ್ವಾದದ್ದು ಬ್ಯಾರೆ ಅಂತ ನಾವು ದಿನಾ ಹೇಳತೀವ್ರಿ," ಎಂದರು ಅಕ್ಕ. "ಮುಂಜಾನಿ ಬಾಗ್ಲಾ ಮುಂದ ನಿಂದ್ರೂದು, ಮಧ್ಯಾನ್ಹ ಓಡೂದು."

ಸೂಪರ್‌ವೈಸರಿಗೆ ಕೂಡಲೇ ಹೊಳೆದ ಉಪಾಯವೆಂದರೆ ಮೂವರನ್ನು ಎಂಟಕ್ಕೆ, ಐವರನ್ನು ಹತ್ತಕ್ಕೆ ಕರೆಯುವುದು. ಬೆಳಗಿನ ನಷ್ಟ ಸೊನ್ನೆಯಾಗುತ್ತದೆ, ನಿಜ. ಆದರೆ ಎರಡು ಅಡಚಣೆ ಇತ್ತು. ಮಧ್ಯಾಹ್ನ ಎರಡಕ್ಕೆ ಚೆಕ್‌ಇನ್ ಶುರು. ಆ ಹೊತ್ತಿಗೆ ಮುಗಿದಿರುವ ಕೆಲಸವನ್ನು ಊಟ ಚಹಾ ಕಳೆದು ಹಾಕಿ ನೋಡಿದರೆ, ಎಲ್ಲರೂ ಎಂಟಕ್ಕೆ ಬರುವುದಕ್ಕಿಂತ ಸುಮಾರು ನಾಲ್ಕು ರೂಮು ಹಿಂದೆ ಬೀಳುತ್ತಿತ್ತು. ಎರಡನೆಯದನ್ನು ಅಕ್ಕ ಹೇಳಿದರು.

"ಹತ್ತಕ್ಕ ಕರದ್ರ ಏಳಕ್ಕ ಬಿಡತೀರಿ. ಮನಿ ಮುಟ್ಟಿ ರೊಟ್ಟಿ ಬಡಿಯೂದು ಯಾವಾಗ ಸರ್? ಒಂಬತ್ತಕ್ಕ ಕರೀರಿ, ಬರತೀವಿ."

ನಾಲ್ವರು ಎಂಟಕ್ಕೆ, ನಾಲ್ವರು ಒಂಬತ್ತಕ್ಕೆ ಎಂದು ಹಾಕಿ ನೋಡಿದೆವು. ಮೊದಲ ನಾಲ್ವರದು ಹತ್ತರವರೆಗೆ 360 ನಿಮಿಷ, ಎರಡನೆಯ ನಾಲ್ವರು ಟ್ರಾಲಿ ತುಂಬಿ ಒಂಬತ್ತೂವರೆಗೆ ಶುರು ಮಾಡಿದರೆ ಅವರದು 120, ಒಟ್ಟು 480. ತೆರೆದಿದ್ದ ಕೆಲಸ 400. ನಷ್ಟ 80 ನಿಮಿಷ ಮಾತ್ರ. ದಿನದ ಕೊನೆಗೆ 160 ನಿಮಿಷ ಕೈಯಲ್ಲಿ ಉಳಿಯುತ್ತದೆ. ಎರಡು ಗಂಟೆಗೆ ಮುಗಿಯುವ ರೂಮುಗಳ ಎಣಿಕೆಯೂ ಎಲ್ಲರೂ ಎಂಟಕ್ಕೆ ಬಂದಾಗಿನಷ್ಟೇ. ಆರು ಗಂಟೆಗೆ ಕೊನೆಯವರು ಹೊರಡಬಹುದು. ಮೂರು ಸಲ ಕೂಡಿಸಿದೆ. ಅಕ್ಕ ರೊಟ್ಟಿಯ ಲೆಕ್ಕದಿಂದ ಹೇಳಿದ ಒಂದು ಗಂಟೆ ಇಬ್ಬರ ಕಷ್ಟಕ್ಕೂ ಹೊಂದುವ ಗಂಟೆಯಾಗಿತ್ತು.

ಎಷ್ಟು ಜನ, ಎಷ್ಟು ಗಂಟೆಗೆ ಎಂಬುದು ತೀರ್ಮಾನವಾದ ಮೇಲೂ ಹಂಚುವ ಕೆಲಸ ಇರುತ್ತದೆ. ಆ ಭಾನುವಾರ ಅಂತಸ್ತಿಗೆ ಇಬ್ಬರಂತೆ ಹಂಚಿದ್ದರು. ನ್ಯಾಯ ಎನಿಸುತ್ತದೆ, ಎಲ್ಲರಿಗೂ ಹತ್ತು ಹನ್ನೊಂದು ರೂಮು. ಆದರೆ ಮದುವೆಯವರನ್ನು ಎರಡು ಮತ್ತು ಮೂರನೆಯ ಅಂತಸ್ತಿನಲ್ಲಿ ತುಂಬಿದ್ದರು, ಅಲ್ಲಿನ 42 ರೂಮೂ ಹೋಗೂ ರೂಮು. ಅಂತಸ್ತಿಗೆ 840 ನಿಮಿಷ, ಒಬ್ಬರಿಗೆ 420. ದಿನದ 390ನ್ನು ಅದು ಶುರುವಿನಲ್ಲೇ ದಾಟಿತ್ತು. ನಾಲ್ಕನೆಯದರಲ್ಲಿ 18 ಇರೂ ರೂಮು, ಮೂರೇ ಹೋಗೂ ರೂಮು, ಒಬ್ಬರಿಗೆ 240. ಮೊದಲನೆಯದರಲ್ಲಿ 15 ಹೋಗೂ, 6 ಇರೂ, ಒಬ್ಬರಿಗೆ 360. ರೂಮಿನ ಎಣಿಕೆಯಲ್ಲಿ ಸಮ ಇದ್ದ ಇಬ್ಬರು ಹೆಣ್ಣುಮಕ್ಕಳ ನಡುವೆ ಮೂರು ಗಂಟೆಯ ಅಂತರ.

ಸರಿಪಡಿಸಲು ಆರು ರೂಮು ಸಾಕಾಯಿತು. ಎರಡನೆಯ ಅಂತಸ್ತಿನಿಂದ ಮೂರು, ಮೂರನೆಯದರಿಂದ ಮೂರು ರೂಮನ್ನು ನಾಲ್ಕನೆಯ ಅಂತಸ್ತಿನ ಇಬ್ಬರಿಗೆ ಕೊಟ್ಟರೆ ನಾಲ್ಕೂ ಅಂತಸ್ತಿನಲ್ಲಿ 720 ನಿಮಿಷ, ಎಲ್ಲರಿಗೂ 360. ಕೊಡುವ ರೂಮುಗಳು ಸರ್ವಿಸ್ ಲಿಫ್ಟಿನ ಪಕ್ಕದವಾಗಿರಬೇಕು, ಒಂದಕ್ಕೊಂದು ಹತ್ತಿಕೊಂಡಿರಬೇಕು. ತುಂಬಿದ ಟ್ರಾಲಿಯನ್ನು ಕಾರ್ಪೆಟ್ ಮೇಲೆ ಕಾರಿಡಾರಿನ ಈ ತುದಿಯಿಂದ ಆ ತುದಿಗೆ ತಳ್ಳುವುದಿದ್ದರೆ ಉಳಿಸಿದ ನಿಮಿಷವೆಲ್ಲ ಅಲ್ಲೇ ಖರ್ಚು. ಅಂತಸ್ತು ಬದಲಿಸುವುದು ಯಾರಿಗೂ ಇಷ್ಟವಿಲ್ಲ. ತಮ್ಮ ಅಂತಸ್ತಿನ ಪ್ಯಾಂಟ್ರಿಯಲ್ಲಿ ಯಾವುದು ಎಲ್ಲಿದೆ ಎಂದು ಅವರವರಿಗೆ ಗೊತ್ತಿರುತ್ತದೆ. ಅದಕ್ಕೇ ಆರಕ್ಕಿಂತ ಹೆಚ್ಚು ರೂಮು ಕದಲಿಸದಂತೆ ನೋಡಿಕೊಂಡರು.

ಇಲ್ಲಿಗೆ ನನ್ನ ಅನುವಾದದ ಒಂದು ಜಗಳ ಬರುತ್ತದೆ. ಇಂಗ್ಲಿಷ್ ಹಾಳೆಯಲ್ಲಿ ಕೆಲಸದ ಅಳತೆಯನ್ನು 'ಕ್ರೆಡಿಟ್' ಎಂದು ಬರೆದಿತ್ತು. ಇರೂ ರೂಮಿಗೆ ಒಂದು, ಹ್ವಾದ ರೂಮಿಗೆ ಎರಡು. ಹೋಟೆಲು ಉದ್ಯಮದಲ್ಲಿ ಚಲಾವಣೆಯಲ್ಲಿರುವ ಪದ್ಧತಿ ಇದು, ಕೂಡಿಸುವವರಿಗೆ ಅನುಕೂಲ. ಕನ್ನಡದಲ್ಲಿ 'ಅಂಕ' ಎನ್ನಿ ಎಂದರು ಆಫೀಸಿನವರು. ನಾನು 'ನಿಮಿಷ' ಎಂದೇ ಬರೆದೆ. ಅಂಕ ಎಂದರೆ ಯಾರೋ ಕೊಡುವುದು, ಪರೀಕ್ಷೆಯಲ್ಲಿ ಕೊಟ್ಟ ಹಾಗೆ, ಕೊಟ್ಟಷ್ಟು ತಗೋ. ನಿಮಿಷ ಎಂದರೆ ಗೋಡೆಯ ಮೇಲಿನ ಗಡಿಯಾರ. ಈ ರೂಮಿಗೆ 40 ಎಂದು ಬರೆದಿದ್ದೀರಿ, ನನಗೆ 55 ಹಿಡಿಯಿತು ಎಂದು ಹೇಳಲು ಬರುತ್ತದೆ. ಅಂಕದ ಜೊತೆ ಹಾಗೆ ವಾದ ಮಾಡಲಾಗುವುದಿಲ್ಲ. ಆಫೀಸಿನವರು ಬಹಳ ಹೊತ್ತು ವಾದಿಸಲಿಲ್ಲ. ಅವರಿಗೆ ಎರಡೂ ಕಾಲಂ ತುಂಬುವ ಪದಗಳೇ.

ಅಮೆರಿಕದ ಸಿಯಾಟಲ್ ನಗರದಲ್ಲಿ ಇದನ್ನು ಇನ್ನೊಂದು ರೀತಿಯಲ್ಲಿ ಅಳೆದಿದ್ದಾರೆ. 2019ರಲ್ಲಿ ಅಲ್ಲಿನ ನಗರಸಭೆ ಮಾಡಿದ ಕಾನೂನಿನಲ್ಲಿ ದೊಡ್ಡ ಹೋಟೆಲುಗಳ ರೂಮ್ ಅಟೆಂಡೆಂಟ್ ಎಂಟು ಗಂಟೆಯ ದಿನದಲ್ಲಿ ಸ್ವಚ್ಛ ಮಾಡುವ ನೆಲಕ್ಕೆ 4,500 ಚದರಡಿಯ ಮಿತಿ ಇದೆ. ಅದಕ್ಕಿಂತ ಹೆಚ್ಚಾದರೆ ಹೆಚ್ಚಿನ ಸಂಬಳ. ಖಾಲಿಯಾದ ರೂಮುಗಳು ಜಾಸ್ತಿ ಇದ್ದರೆ ಆ ಮಿತಿ ಇನ್ನೂ ಇಳಿಯುತ್ತದೆ. ಚದರಡಿಯನ್ನು ಯಾರು ಬೇಕಾದರೂ ಅಳೆಯಬಹುದು, ಅದು ಅದರ ಗುಣ. ಆದರೆ ಒಂದೇ ಅಳತೆಯ ಎರಡು ರೂಮು ಒಂದೇ ಕೊಳೆಯಲ್ಲಿರುವುದಿಲ್ಲ.

ಹಾಗಾದರೆ ಆ 40 ಎಲ್ಲಿಂದ ಬಂತು? ವರ್ಷಗಳ ಹಿಂದೆ ಯಾರೋ ಸ್ಟಾಪ್‌ವಾಚ್ ಹಿಡಿದು ನಿಂತಿದ್ದರಂತೆ. ಅವತ್ತು ಕೆಲಸ ಮಾಡಿ ತೋರಿಸಿದ್ದು ಇದೇ ಅಕ್ಕ, ಆಗಿನ್ನೂ ಮೂವತ್ತರ ಒಳಗಿನವರು. ರೂಮು ಒಬ್ಬನೇ ಅತಿಥಿ ಒಂದು ರಾತ್ರಿ ಉಳಿದಿದ್ದದ್ದು. "ಅಳಿಯೂ ಮುಂದ ಯಾರ ಸಾವಕಾಶ ಮಾಡತಾರ್ರಿ?" ಎಂದು ನಕ್ಕರು. ಅತಿ ಚುರುಕಾದವರು ಅತಿ ಸುಲಭದ ರೂಮಿನಲ್ಲಿ ಮಾಡಿದ ವೇಳೆ ಎಲ್ಲರ ಎಲ್ಲ ರೂಮಿನ ವೇಳೆಯಾಗಿ ಕೂತಿತ್ತು. ಮದುವೆಯ ರೂಮು ಹಾಗಿರುವುದಿಲ್ಲ. ಇಬ್ಬರ ರೂಮಿನಲ್ಲಿ ನಾಲ್ವರು, ಹೆಚ್ಚುವರಿ ಹಾಸಿಗೆ ಒಂದು ಬೇರೆ. ಅರಿಶಿನ ಶಾಸ್ತ್ರದಿಂದ ಬಂದವರು ಒರೆಸಿಕೊಂಡ ಟವೆಲ್, ವಾಶ್ ಬೇಸಿನ್ನಿನ ಅಂಚಿಗೆ ಮೆಹಂದಿ, ಚೆಂಡುಹೂವಿನ ಎಸಳು ಕಾರ್ಪೆಟ್ಟಿನ ಎಳೆಗಳೊಳಗೆ. ಅರಿಶಿನವನ್ನು ಸೋಪಿನಿಂದ ತಿಕ್ಕಿದರೆ ಕೆಂಪಾಗುತ್ತದೆ ಎಂಬುದು ನಮ್ಮೆಲ್ಲರ ಮನೆಯಲ್ಲೂ ಗೊತ್ತು. ಬಾತ್‌ರೂಮಿನ ಬಿಳಿ ಟೈಲ್ಸ್ ಮೇಲೆ ಅದನ್ನು ತೆಗೆಯುವವರಿಗೆ ಇನ್ನೂ ಚೆನ್ನಾಗಿ ಗೊತ್ತು.

ಅದಕ್ಕೆ ಕನ್ನಡ ಹಾಳೆಯಲ್ಲಿ ಎರಡು ಸಣ್ಣ ಕಾಲಂ ಸೇರಿಸಿದೆವು, ಒಳಗೆ ಹೋದ ವೇಳೆ, ಹೊರಗೆ ಬಂದ ವೇಳೆ. ಬರೆಯಲು ಬಾರದವರೂ ಅಂಕಿ ಬರೆಯುತ್ತಾರೆ. ಮೊದಲ ವಾರ ಎಲ್ಲರೂ 40 40 ಎಂದೇ ಬರೆದರು. ಹೆಚ್ಚು ಬರೆದರೆ ಬೈಯುತ್ತಾರೆ ಎಂಬ ಹೆದರಿಕೆ. ಒಂದೇ ಅಂಕಿ ಸಾಲಾಗಿ ಬಂದರೆ ಅದು ಅಳತೆಯಲ್ಲ ಎಂದು ಸೂಪರ್‌ವೈಸರ್ ಆ ಹಾಳೆಗಳನ್ನು ಪಕ್ಕಕ್ಕಿಟ್ಟು, ಬ್ರೀಫಿಂಗಿನಲ್ಲಿ ನಿಂತು ಇದರ ಮೇಲೆ ಯಾರ ಸಂಬಳವೂ ಕಡಿಯುವುದಿಲ್ಲ ಎಂದು ಹೇಳಿದರು. ಎರಡನೇ ವಾರದಿಂದ 34, 47, 38, 56 ಬರತೊಡಗಿದವು. ಸರಾಸರಿಯ ಬದಲು ಸಾಲಾಗಿ ಜೋಡಿಸಿ ನಡುವಿನದನ್ನು ನೋಡಿದರು. ಏಕೆಂದರೆ ಒಂದು ರೂಮಿನಲ್ಲಿ ಯಾರೋ ವಾಂತಿ ಮಾಡಿಟ್ಟರೆ ಬರುವ 90 ನಿಮಿಷ ಸರಾಸರಿಯನ್ನು ಎಳೆದುಬಿಡುತ್ತದೆ. ಸಾಧಾರಣ ದಿನದ ಹ್ವಾದ ರೂಮಿಗೆ 40 ಸರಿಯಾಗಿಯೇ ಇತ್ತು. ಮದುವೆಯ ರೂಮಿಗೆ 55.

ಮತ್ತೆ ಆ ಭಾನುವಾರಕ್ಕೆ ಬನ್ನಿ. 60ರಲ್ಲಿ 20 ರೂಮು ಅಂಥವೆಂದು ಹಿಡಿದರೂ 300 ನಿಮಿಷ ಹೆಚ್ಚಾಯಿತು. ಅದರ ಮೇಲೆ ಬೆಳಗಿನ 80ರ ಕೊರತೆ. ಒಟ್ಟು 380, ಹೆಚ್ಚುಕಡಿಮೆ ಒಂದಾಳಿನ ಪೂರ್ತಿ ದಿನ. ಅವತ್ತು ಎಂಟು ಜನ ಕಾಣದ ಒಂಬತ್ತನೆಯವಳ ಕೆಲಸವನ್ನು ಹಂಚಿಕೊಂಡು ಮಾಡಿ, ನಿಧಾನ ಎನ್ನಿಸಿಕೊಂಡಿದ್ದರು. ಪಾಳಿಯನ್ನು ಎಂಟು, ಒಂಬತ್ತು ಎಂದು ಒಡೆದಿದ್ದರೂ 160 ನಿಮಿಷದ ಉಳಿಕೆ 300ಕ್ಕೆ ಸಾಲುತ್ತಿರಲಿಲ್ಲ. ವೇಳೆ ಸರಿಸುವುದರಿಂದ ಆಗುವುದು ಒಂದು ಮಿತಿಯವರೆಗೆ. ಕೆಲಸವೇ ಹೆಚ್ಚಿದ್ದರೆ ಆಳೇ ಬೇಕು.

ಇಷ್ಟೆಲ್ಲ ಆದ ಮೇಲೂ ಅತಿಥಿಗಳು ರಿಸೆಪ್ಷನ್ನಿನಲ್ಲಿ ಕಾಯುತ್ತಿದ್ದರು ಎಂಬ ದೂರು ಉಳಿಯಿತು. ಅದರ ಕಾರಣ ಇನ್ನೊಂದು ಕಡೆ ಇತ್ತು, ಅದನ್ನು ಸೂಪರ್‌ವೈಸರ್ ತಾವೇ ಹೇಳಿದರು. ಸ್ವಚ್ಛ ಮಾಡಿದ ರೂಮನ್ನು ಅವರು ನೋಡಿ ಒಪ್ಪದೆ ಫ್ರಂಟ್ ಆಫೀಸ್ ಯಾರಿಗೂ ಕೊಡುವಂತಿಲ್ಲ. ನೋಡಲು ರೂಮಿಗೆ ಎಂಟು ನಿಮಿಷ, ಗಂಟೆಗೆ ಏಳು ರೂಮು. ಎಂಟು ಹೆಣ್ಣುಮಕ್ಕಳು 40 ನಿಮಿಷಕ್ಕೊಂದರಂತೆ ಮುಗಿಸಿದರೆ ಗಂಟೆಗೆ ಹನ್ನೆರಡು ರೂಮು ಹೊರಬರುತ್ತವೆ. ಹನ್ನೆರಡರಿಂದ ಮೂರರವರೆಗೆ ಪ್ರತಿ ಗಂಟೆ ಐದು ರೂಮು ಸ್ವಚ್ಛವಾಗಿಯೂ ಬೀಗ ಹಾಕಿಕೊಂಡು ಅವರೊಬ್ಬರಿಗಾಗಿ ಕಾಯುತ್ತವೆ. ಇನ್ನಿಬ್ಬರು ಆಳು ಹಾಕಿದ್ದರೂ ಕಾಯುವ ಸಾಲು ಉದ್ದವಾಗುತ್ತಿತ್ತೇ ಹೊರತು ಅತಿಥಿಗೆ ಕೀ ಸಿಗುತ್ತಿರಲಿಲ್ಲ. ದಟ್ಟಣೆಯ ದಿನ ಹಳೆಯ ಇಬ್ಬರು ಅಟೆಂಡೆಂಟ್‌ಗಳಿಗೆ ತಮ್ಮ ರೂಮನ್ನು ತಾವೇ ನೋಡಿ ಬಿಡುಗಡೆ ಮಾಡುವ ಅಧಿಕಾರ ಕೊಟ್ಟರು. ಅದರಲ್ಲಿ ನಮ್ಮ ಅಕ್ಕನೂ ಒಬ್ಬರು. ಅಧಿಕಾರದ ಜೊತೆ ಸಂಬಳ ಹೆಚ್ಚಿತೇ ಎಂದು ಕೇಳಿದೆ. ಕೈ ಆಡಿಸಿ ತೋರಿಸಿದರು.

ಇನ್ನೊಂದು ವಿಷಯ ಯಾವ ಸೂತ್ರಕ್ಕೂ ಸಿಗುವಂಥದ್ದಲ್ಲ. ರೂಮು ಹ್ವಾದದ್ದು ಅಕ್ಕಂದಿರಿಗೆ ಯಾವಾಗ ತಿಳಿಯುತ್ತದೆ? ಅತಿಥಿ ಕೆಳಗೆ ಬಿಲ್ ಕಟ್ಟಿದಾಗ ಕಂಪ್ಯೂಟರಿನಲ್ಲಿ ಬದಲಾಗುತ್ತದೆ. ಆದರೆ ಬಿಲ್ಲನ್ನು ರಾತ್ರಿಯೇ ಕಟ್ಟಿ ಬೆಳಿಗ್ಗೆ ಸುಮ್ಮನೆ ಹೊರಟುಹೋಗುವವರಿದ್ದಾರೆ. ಬಿಲ್ ಕಟ್ಟಿ, ಸಾಮಾನು ತರಲು ಮತ್ತೆ ಮೇಲೆ ಹೋಗಿ ಅರ್ಧ ಗಂಟೆ ಮಲಗುವವರೂ ಇದ್ದಾರೆ. ಮೊದಲನೆಯದರಲ್ಲಿ ಖಾಲಿ ರೂಮಿನ ಮುಂದೆ ನಿಲ್ಲುತ್ತಾರೆ, ಎರಡನೆಯದರಲ್ಲಿ ಬಾಗಿಲು ತೆರೆದು ಬೈಸಿಕೊಳ್ಳುತ್ತಾರೆ. `DND` ಹಾಕಿದ ಬಾಗಿಲನ್ನಂತೂ ತಟ್ಟುವಂತಿಲ್ಲ. ಎರಡು ಗಂಟೆಗೆ ಫ್ರಂಟ್ ಆಫೀಸಿನಿಂದ ಫೋನ್ ಮಾಡಿಸಬೇಕು. ನಿಮ್ಮಲ್ಲಿ ಯಾರಾದರೂ ಹೋಟೆಲಿನಿಂದ ಬೇಗ ಹೊರಡುವವರಿದ್ದರೆ, ಹೋಗುವಾಗ ರಿಸೆಪ್ಷನ್ನಿನಲ್ಲಿ ರೂಮು ಖಾಲಿಯಾಗಿದೆ ಎಂದು ಬಾಯಿಬಿಟ್ಟು ಹೇಳಿ. ಬೆಳಿಗ್ಗೆ ಏಳೂವರೆಗೆ ಸಿಗುವ ಒಂದು ಹ್ವಾದ ರೂಮಿಗೆ ಮಧ್ಯಾಹ್ನ ಸಿಗುವ ಎರಡರ ಬೆಲೆಯಿದೆ.

ಹಾಳೆಯ ಮೇಲೆ ನಾನು ಕೊನೆಗೆ ಅಚ್ಚು ಹಾಕಿಸಿದ್ದು 'ಇರುವ', 'ಹೋಗುವ', 'ಹೋದ' ಎಂದು, ಕಲಬುರ್ಗಿಯವರಿಗೂ ಮೈಸೂರು ಕಡೆಯ ಇಬ್ಬರಿಗೂ ಆಗಲಿ ಎಂದು. ಓದುವಾಗ ಎಲ್ಲರೂ ಅವರವರ ಕನ್ನಡದಲ್ಲೇ ಓದಿಕೊಂಡರು. ಮರಾಠಿಯದನ್ನು ಸೂಪರ್‌ವೈಸರ್ ತಾವೇ ಬರೆದುಕೊಂಡರು. ಅವರ ಭಾಷೆಯಲ್ಲೂ ಜಾಣಾರೀ, ಗೇಲೇಲೀ ಎಂದು ಬೇರೆ ಬೇರೆ ರೂಪಗಳೇ ಇವೆ, ನನ್ನ ಸಹಾಯ ಬೇಕಾಗಲಿಲ್ಲ. ಹಳೆಯ ಭಾನುವಾರದ ಓವರ್‌ಟೈಮನ್ನು ಈ ಲೆಕ್ಕದ ಜೊತೆ ಮತ್ತೆ ಮೇಲಕ್ಕೆ ಕಳಿಸಿದ್ದರು. ಅದು ಮುಗಿದ ತಿಂಗಳ ವಿಷಯ ಎಂದು ವಾಪಸು ಬಂತು.

ಮುಂದಿನ ಮದುವೆ ಬಂದದ್ದು ಮಾರ್ಗಶಿರದಲ್ಲಿ. ಆ ದಿನದ ಹಾಳೆಯ ಫೋಟೋವನ್ನು ಅಕ್ಕ ವಾಟ್ಸಾಪಿನಲ್ಲಿ ಕಳಿಸಿದರು. ಎಂಟಕ್ಕೆ ಐದು ಹೆಸರು, ಒಂಬತ್ತಕ್ಕೆ ನಾಲ್ಕು. ಒಂಬತ್ತನೆಯವಳನ್ನು ಲಾಂಡ್ರಿಯಿಂದ ಕರೆಸಿದ್ದರು. ಅವಳ ಸಾಲಿನಲ್ಲಿ ನಾಲ್ಕು ರೂಮಿನ ಎದುರು 55 ಎಂದು ಅಚ್ಚಾಗಿತ್ತು, ಪಕ್ಕದಲ್ಲಿ ಪೆನ್ನಿನಿಂದ ಅವಳು ಬರೆದದ್ದು 61, 58, 63, 60.